ಒಳಗಿನ ಹೊಲಿಗೆ: ಓಣಿಯ ಪ್ರಾರ್ಥನೆಗೆ ಕಾಯಕದ ವಚನ ಬರೆಯುವ ಬಗೆ

ಶ್ರಾವಣ ಬಂದರೆ ನಮ್ಮ ಓಣಿಯ ಕಲ್ಮೇಶ್ವರ ಗುಡಿಯ ಕಟ್ಟೆಯ ಮೇಲೆ ಸೋಮವಾರ ಸಂಜೆ ಪ್ರಾರ್ಥನೆ ಇರುತ್ತದೆ. ಐವತ್ತು ಅರವತ್ತು ಜನ ಸೇರುತ್ತೇವೆ. ಶರಣರ ಎರಡು ವಚನ, ಒಂದು ಭಜನೆ, ಮಂಗಳಾರತಿ, ಆಮೇಲೆ ಪ್ರಸಾದ. ಕೆಲವು ವರ್ಷಗಳಿಂದ ಇದಕ್ಕೆ ಇನ್ನೊಂದು ಸೇರಿದೆ. ಓಣಿಯಲ್ಲೇ ಇರುವ ಒಬ್ಬರ ಕೆಲಸದ ಮೇಲೆ ಒಂದು ಹೊಸ ವಚನ ಬರೆದು, ಎಲ್ಲರೂ ಕೂಡಿ ಹೇಳುತ್ತೇವೆ. ಬರೆಯುವ ಹೊಣೆ ಹೆಚ್ಚಾಗಿ ನನ್ನ ಮೇಲೆ ಬರುತ್ತದೆ. ಹೀಗೆ ಬರೆಯುವಾಗ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಒಂದೇ ವಚನ ತಗೊಂಡಿದ್ದೇನೆ, ಹೊಲಿಗೆ ಕಾಯಕದ್ದು. ಅದು ಮೊದಲ ಸಾಲಿನಿಂದ ಕೊನೆಯ ತಿದ್ದುಪಡಿಯವರೆಗೆ ಹೇಗೆ ಬಂತು ಅಂತ ಪೂರ್ತಿ ತೋರಿಸುತ್ತೇನೆ.

ಎರಡು ಮೂರು ವಾರ ಕೈಯಲ್ಲಿ ಇಟ್ಟುಕೊಳ್ಳಿ. ಬರೆಯುವುದಕ್ಕೆ ಒಂದು ಸಂಜೆ ಸಾಕು. ಕೇಳುವುದಕ್ಕೆ ಮತ್ತು ತಿದ್ದುವುದಕ್ಕೆ ಉಳಿದ ದಿನ ಬೇಕು.

ಮೊದಲು ಒಂದು ಹಳೆಯ ವಚನದ ಕಟ್ಟು ನೋಡಿ

ಕಾಯಕ ಅಂದ ತಕ್ಷಣ ನಮ್ಮ ಬಾಯಿಗೆ ಬರುವುದು "ಕಾಯಕವೇ ಕೈಲಾಸ". ಇದನ್ನು ಬಸವಣ್ಣನವರ ಮಾತು ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಈ ಮಾತು ಇರುವ ವಚನ ಆಯ್ದಕ್ಕಿ ಮಾರಯ್ಯನವರದು. ಕಾಯಕದಲ್ಲಿ ತೊಡಗಿದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂತ ಶುರುವಾಗಿ, ಯಾಕೆ ಅನ್ನುವುದಕ್ಕೆ ಉತ್ತರವಾಗಿ "ಕಾಯಕವೆ ಕೈಲಾಸವಾದ ಕಾರಣ" ಅನ್ನುತ್ತಾರೆ. ಅಲ್ಲಿ ಅದು ಘೋಷಣೆಯಲ್ಲ. ಮೇಲೆ ಹೇಳಿದ ಗಟ್ಟಿ ಮಾತಿಗೆ ಕೊಟ್ಟ ಕಾರಣ. ನಾವು ಆ ಗಟ್ಟಿ ಮಾತು ಬಿಟ್ಟು ಕಾರಣ ಮಾತ್ರ ಹಿಡಿದುಕೊಂಡಿದ್ದೇವೆ. ಅದಕ್ಕೇ ನನ್ನ ಮೊದಲ ನಿಯಮ, ಹೊಸ ವಚನದಲ್ಲಿ ಈ ಮಾತು ಬರಕೂಡದು. ಅದು ಬಂದರೆ ಜನ ತಲೆಯಾಡಿಸುತ್ತಾರೆ, ಕೇಳುವುದು ನಿಲ್ಲುತ್ತದೆ.

ಕಟ್ಟು ಕಲಿಯಲು ನಾನು ಸತ್ಯಕ್ಕನ ವಚನ ಹಿಡಿಯುತ್ತೇನೆ. ಸತ್ಯಕ್ಕ ಬೀದಿ ಗುಡಿಸುವ ಕಾಯಕದ ಶರಣೆ. "ಲಂಚ ವಂಚನಕ್ಕೆ ಕೈಯಾನದ ಭಾಷೆ" ಅಂತ ಶುರು ಮಾಡುತ್ತಾಳೆ. ಭಾಷೆ ಅಂದರೆ ಇಲ್ಲಿ ಆಣೆ, ಕೊಟ್ಟ ಮಾತು. ಆಮೇಲೆ, ಬಟ್ಟೆಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಕೈಮುಟ್ಟಿ ಎತ್ತಿದೆನಾದರೆ ನಿಮ್ಮಾಣೆ, ನಿಮ್ಮ ಪ್ರಮಥರಾಣೆ ಅನ್ನುತ್ತಾಳೆ. ಆಮೇಲೆ ಕಾರಣ ಹೇಳುತ್ತಾಳೆ. ಆಮೇಲೆ, ಹಾಗೆ ಆಸೆಪಟ್ಟರೆ ನನ್ನನ್ನು ನರಕದಲ್ಲಿ ಅದ್ದಿ ನೀನು ಎದ್ದುಹೋಗು ಅಂತ ತನ್ನ ಶಂಭುಜಕ್ಕೇಶ್ವರನಿಗೇ ಹೇಳಿ ಮುಗಿಸುತ್ತಾಳೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಆಕೆ ಯಾರಿಗೂ ಬುದ್ಧಿ ಹೇಳುವುದಿಲ್ಲ. ಆಣೆ ಇಡುವುದೂ ಆಕೆಯೇ, ಶಿಕ್ಷೆ ಕೇಳುವುದೂ ಆಕೆಯೇ. ಎರಡು, ಆಕೆ ಹೇಳುವ ಆಸೆ ಆಕೆಯ ಕೆಲಸದ ಜಾಗದಲ್ಲೇ ಹುಟ್ಟುವಂಥದ್ದು. "ಬಟ್ಟೆ" ಅಂದರೆ ನಡುಗನ್ನಡದಲ್ಲಿ ದಾರಿ. ದಿನಾ ದಾರಿ ಗುಡಿಸುವವಳ ಕಣ್ಣಿಗೆ ದಾರಿಯಲ್ಲಿ ಬಿದ್ದ ಹೊನ್ನೇ ಮೊದಲು ಕಾಣುತ್ತದೆ, ಅಲ್ವಾ? ಮನೆಯೊಳಗೆ ಕೂತವನಿಗೆ ಆ ಆಸೆಯೇ ಬರುವುದಿಲ್ಲ. ಪ್ರತಿ ಕಾಯಕಕ್ಕೂ ಅದರದ್ದೇ ಆದ ಒಂದು ಆಸೆ ಇರುತ್ತದೆ. ಅದನ್ನು ಹುಡುಕುವುದೇ ಅರ್ಧ ಕೆಲಸ.

ಕೆಲಸ ಮಾಡುವವರ ಹತ್ತಿರ ಕೂತು ಕೇಳಿ

ಮನೆಯಲ್ಲಿ ಕೂತು ಊಹೆ ಮಾಡಿ ಬರೆಯಬೇಡಿ. ನಾನು ಒಮ್ಮೆ ಹಾಲಿನವರ ಮೇಲೆ ಹಾಗೆ ಬರೆದೆ. ಹಾಲಿಗೆ ನೀರು ಬೆರೆಸುವುದು, ಇನ್ನೇನು. ಎಲ್ಲರಿಗೂ ಗೊತ್ತಿರುವ ದೂರು ಅದು. ವಚನ ಓದಿದಾಗ ಜನ ಹಾಲಿನವರ ಕಡೆ ತಿರುಗಿ ನಕ್ಕರು. ಅವರು ತಲೆ ತಗ್ಗಿಸಿ ಕೂತರು. ಪ್ರಾರ್ಥನೆಯಲ್ಲಿ ಒಬ್ಬ ಮನುಷ್ಯನಿಗೆ ಹಾಗಾಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ. ಅವರ ಕೊಟ್ಟಿಗೆಗೆ ಒಂದು ದಿನ ಹೋಗಿ ಕೂತಿದ್ದರೆ ಹೀಗಾಗುತ್ತಿರಲಿಲ್ಲ. ಕರುವಿಗೆ ಎಷ್ಟು ಹಾಲು ಬಿಡಬೇಕು ಅನ್ನುವುದು ಅವರ ನಿಜವಾದ ಕಷ್ಟ ಅಂತ ಆಮೇಲೆ ತಿಳಿಯಿತು. ಅದನ್ನು ನಾವು ಯಾರೂ ಯೋಚನೆಯೇ ಮಾಡಿರಲಿಲ್ಲ.

ಹೊಲಿಗೆ ವಚನಕ್ಕೆ ನಮ್ಮ ಓಣಿಯ ಹೊಲಿಗೆ ಅಕ್ಕನ ಹತ್ತಿರ ಹೋದೆ. ರವಿಕೆ, ಲಂಗ, ಮಕ್ಕಳ ಅಂಗಿ ಹೊಲಿಯುತ್ತಾರೆ. ಮೂರು ಸಂಜೆ ಹೋಗಿ ಮೆಷಿನ್ ಪಕ್ಕದ ಮಣೆಯ ಮೇಲೆ ಕೂತೆ. ಮೊದಲ ದಿನ ಪ್ರಶ್ನೆಯನ್ನೇ ಕೇಳಲಿಲ್ಲ. ಅವರು ಬಳಸುವ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡೆ, ಅಷ್ಟೇ. ಕಾಜಾ, ಹುಕ್ಕು, ಬಾಬಿನ್, ಅಸ್ತರು, ಕಚ್ಚಾ ಹೊಲಿಗೆ, ಮಾರ್ಜಿನ್. ಎರಡನೆಯ ದಿನ ಮೂರು ಪ್ರಶ್ನೆ ಕೇಳಿದೆ. ಯಾವ ಕಾಯಕದವರ ಹತ್ತಿರ ಹೋದರೂ ನಾನು ಈ ಮೂರನ್ನೇ ಕೇಳುವುದು.

ಮೊದಲನೆಯದು, ಮಾಡಿಸಿಕೊಂಡವರ ಕಣ್ಣಿಗೆ ಬೀಳದ ಜಾಗ ನಿಮ್ಮ ಕೆಲಸದಲ್ಲಿ ಯಾವುದು? ಅಕ್ಕ ತಕ್ಷಣ ಒಂದು ರವಿಕೆಯನ್ನು ಒಳಗು ಹೊರಗು ಮಾಡಿ ತೋರಿಸಿದರು. "ತಮ್ಮಾ, ಮ್ಯಾಲಿನ ಹೊಲಿಗಿ ಎಲ್ಲಾರೂ ನೋಡ್ತಾರ. ಒಳಗಿಂದು ಬಿಚ್ಚಿದವರಿಗಷ್ಟ ಗೊತ್ತು."

ಎರಡನೆಯದು, ಅಲ್ಲಿ ಕಡಿಮೆ ಮಾಡಿದರೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ಇದರ ಉತ್ತರ ನನಗೆ ಹೊಸದಾಗಿತ್ತು. ರವಿಕೆಯ ಎರಡೂ ಪಕ್ಕಕ್ಕೆ ಒಳಗೆ ಸುಮಾರು ಒಂದೊಂದು ಇಂಚು ಬಟ್ಟೆ ಬಿಟ್ಟು ಹೊಲಿಯುತ್ತಾರಂತೆ. ಮಾರ್ಜಿನ್ ಅಂದರೆ ಅದೇ. ಮುಂದೆ ಮೈ ತುಂಬಿಕೊಂಡರೆ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಅದು ಬೇಕು. ಅದನ್ನು ಅರ್ಧಕ್ಕೆ ಇಳಿಸಿದರೆ ಇವತ್ತು ಯಾರಿಗೂ ಗೊತ್ತಾಗುವುದಿಲ್ಲ. ಹೊಸ ರವಿಕೆ ಮೈಗೆ ಸರಿಯಾಗೇ ಕೂಡುತ್ತದೆ. ವರ್ಷ, ಎರಡು ವರ್ಷ ಕಳೆದು ಬಿಚ್ಚಿಸಲು ಹೋದಾಗ "ಇದರಾಗ ಬಟ್ಟಿನೇ ಇಲ್ಲ" ಅಂತ ಇನ್ನೊಬ್ಬ ಟೇಲರ್ ಹೇಳುತ್ತಾರೆ.

ಮೂರನೆಯದು, ಉಳಿದದ್ದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನನಗೆ ಬಂದದ್ದು ಆಯ್ದಕ್ಕಿ ಲಕ್ಕಮ್ಮನ ಕಥೆಯಿಂದ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ತಂದ. "ಈಸಕ್ಕಿಯಾಸೆ ನಿಮಗೇಕೆ?" ಅಂತ ಲಕ್ಕಮ್ಮ ಕೇಳಿದಳು. ಕದ್ದ ಅಕ್ಕಿಯಲ್ಲ ಅದು, ಆಯ್ದದ್ದೇ. ಆದರೂ ಬೇಕಾದದ್ದಕ್ಕಿಂತ ಹೆಚ್ಚು. ಪ್ರಾಮಾಣಿಕ ದುಡಿಮೆ ಅಂದರೆ ಮೈಮುರಿದು ದುಡಿಯುವುದು ಮಾತ್ರ ಅಂತ ನಾವು ಬರೆದುಬಿಡುತ್ತೇವೆ. ಲಕ್ಕಮ್ಮನ ಲೆಕ್ಕದಲ್ಲಿ ಕೈಗೆ ಬಂದದ್ದು ಎಷ್ಟು, ಎಲ್ಲಿಗೆ ಹೋಯಿತು ಅನ್ನುವುದೂ ಕಾಯಕದೊಳಗೇ ಬರುತ್ತದೆ.

ಈ ಪ್ರಶ್ನೆಗೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೆಷಿನ್ನಿನ ಗಾಲಿಯ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. ಕಲಿತ ಹೊಸದರಲ್ಲಿ, ಗಿರಾಕಿ ಕೊಟ್ಟ ಒಂದು ಮೀಟರ್ ರವಿಕೆ ಕಣದಲ್ಲಿ ಬಿಗಿಯಾಗಿ ಕತ್ತರಿಸಿ, ಮಾರ್ಜಿನ್ ಕಡಿಮೆ ಮಾಡಿ, ಉಳಿದ ತುಂಡುಗಳನ್ನು ಮಡಚಿಡುತ್ತಿದ್ದರಂತೆ. ವರ್ಷಕ್ಕೆ ಒಂದು ಕೌದಿಗೆ ಸಾಕಾಗುತ್ತಿತ್ತು. ಒಂದು ದಿನ ತಾವೇ ಹೊಲಿದ ರವಿಕೆ ಬಿಚ್ಚಲು ಬಂತು. ಒಳಗೆ ಬಟ್ಟೆ ಇರಲಿಲ್ಲ. ತಂದಾಕೆ ಏನೂ ಅನ್ನಲಿಲ್ಲ. ಅವತ್ತಿನಿಂದ ಉಳಿದ ತುಂಡನ್ನು ರವಿಕೆಯ ಜೊತೆಗೇ ಮಡಚಿ ಕೊಡುತ್ತಾರೆ.

ವಚನದ ವಸ್ತು ನನಗೆ ಅಲ್ಲೇ ಸಿಕ್ಕಿತು. ಆದರೆ ಅಲ್ಲೇ ಒಂದು ಎಚ್ಚರವೂ ಬೇಕು. ಇಂಥ ಮಾತು ಕೇಳಿದ ಮೇಲೆ ಬರೆಯಲು ಅವರ ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ. ಅಕ್ಕ ಒಪ್ಪಿದರು. ಒಂದೇ ಶರತ್ತು ಹಾಕಿದರು. ವಚನವನ್ನು ಮುಂದೆ ನಿಂತು ಹೇಳುವುದು ತಾವೇ.

ಕರಡು ಒಂದು, ಕರಡು ಎರಡು

ಕೇಳಿ ಬಂದ ದಿನವೇ ಬರೆಯಲು ಕೂತರೆ ಮೊದಲು ಬರುವುದು ಉಪದೇಶ. ನನಗೂ ಅದೇ ಬಂತು:

> ಬೆವರು ಸುರಿಸಿ ದುಡಿಯಿರಯ್ಯಾ,
> ಮೋಸದ ಗಳಿಕೆ ನಿಲ್ಲದು ಕಾಣಿರಯ್ಯಾ,
> ಸತ್ಯದ ದುಡಿಮೆಯೇ ಶಿವನ ಪೂಜೆಯಯ್ಯಾ.

ಇದರಲ್ಲಿ ತಪ್ಪು ಮಾತು ಒಂದೂ ಇಲ್ಲ. ಆದರೆ ಇದನ್ನು ಬಡಿಗರಿಗೂ ಹೇಳಬಹುದು, ಬಸ್ ಡ್ರೈವರಿಗೂ ಹೇಳಬಹುದು. ಅಕ್ಕನ ಮೆಷಿನ್ ಇಲ್ಲಿ ಎಲ್ಲೂ ಇಲ್ಲ. ಸಾಲಿನ ಕೊನೆಗೆ "ಅಯ್ಯಾ" ಅಂಟಿಸಿದರೆ ವಚನ ಆಗುವುದಿಲ್ಲ. ಪರೀಕ್ಷೆ ಸುಲಭ. ನಿಮ್ಮ ಕರಡಿನಲ್ಲಿ ಕಾಯಕದ ಹೆಸರು ಬದಲಿಸಿ ನೋಡಿ. ಬದಲಿಸಿದರೂ ಸರಿಯಾಗೇ ಕೂತರೆ ಆ ಕರಡು ಬಿಟ್ಟುಬಿಡಿ.

ಎರಡನೆಯ ಕರಡಿಗೆ ಬೇರೆ ರೋಗ ಬರುತ್ತದೆ:

> ದೇಹವೇ ಬಟ್ಟೆ, ಉಸಿರೇ ದಾರ,
> ಮನವೇ ಸೂಜಿ, ನಿನ್ನ ನಾಮವೇ ಹೊಲಿಗೆ.

ಕೇಳಲು ಚೆನ್ನಾಗಿದೆ. ಹಾಡಲೂ ಬರುತ್ತದೆ. ಹೀಗೆ ಕೆಲಸದ ಸಾಮಾನನ್ನು ದೇಹಕ್ಕೆ, ಮನಸ್ಸಿಗೆ ಹೋಲಿಸುವ ವಚನಗಳು ಶರಣರಲ್ಲೂ ಬೇಕಾದಷ್ಟಿವೆ. ಆದರೆ ನಮ್ಮ ವಿಷಯ ಪ್ರಾಮಾಣಿಕ ದುಡಿಮೆ. ಬಟ್ಟೆ ದೇಹವಾಗಿಬಿಟ್ಟರೆ ಗಿರಾಕಿಯ ಬಟ್ಟೆ ಎಲ್ಲಿ ಹೋಯಿತು? ಮಾರ್ಜಿನ್ ನುಂಗಿದ್ದು ಎಲ್ಲಿ ಹೋಯಿತು? ಹೋಲಿಕೆಯ ಹೊಗೆಯಲ್ಲಿ ಕಳವು ಮುಚ್ಚಿಹೋಗುತ್ತದೆ. ಈ ಬಗೆಯ ವಚನದಲ್ಲಿ ಬಟ್ಟೆ ಬಟ್ಟೆಯಾಗಿಯೇ ಇರಬೇಕು, ಸೂಜಿ ಸೂಜಿಯಾಗಿಯೇ ಇರಬೇಕು.

ಕಟ್ಟುವುದು

ಈಗ ಸತ್ಯಕ್ಕನ ದಾರಿ ಹಿಡಿಯಿರಿ. ವಚನಕ್ಕೆ ಮಾತ್ರೆ, ಗಣಗಳ ಲೆಕ್ಕವಿಲ್ಲ. ಅದು ಮಾತಿನ ಲಯದಲ್ಲಿ ನಡೆಯುತ್ತದೆ. ಆದರೆ ಲಯ ತಾನಾಗಿ ಬರುವುದಿಲ್ಲ. ಅದು ಹುಟ್ಟುವುದು ಜೋಡಿ ಸಾಲುಗಳಿಂದ. ಒಂದು ಸಾಲು ಒಂದು ಮಾತು ಹೇಳಿದರೆ, ಮುಂದಿನ ಸಾಲು ಅದೇ ಅಳತೆಯಲ್ಲಿ ಅದಕ್ಕೆ ಎದುರಾಗಬೇಕು. ನಾನು ಮೊದಲು ಅಂಥ ಎರಡು ಜೋಡಿ ಬರೆದೆ. ಮೊದಲ ಜೋಡಿ ಕತ್ತರಿಸುವುದರ ಬಗ್ಗೆ, ಎರಡನೆಯದು ಹೊಲಿಯುವುದರ ಬಗ್ಗೆ. ಕೆಲಸ ನಡೆಯುವ ಕ್ರಮವೂ ಅದೇ. ಈ ಕ್ರಮ ಕೆಡಿಸಬೇಡಿ. ಆ ಕಾಯಕದವರು ಕೇಳುವಾಗ ಮೊದಲು ಹಿಡಿಯುವ ತಪ್ಪು ಇದೇ.

ಎರಡು ಜೋಡಿ ಆದ ಮೇಲೆ ತಿರುವು ಬೇಕು. ಅಲ್ಲಿಯವರೆಗೆ ಮಾಡಿದ್ದು ಹೇಳಿದ್ದೀರಿ, ಈಗ ಅದು ಗೊತ್ತಾದ ಕ್ಷಣ ಹೇಳಬೇಕು. ಆಮೇಲೆ ದೇವರ ಕಡೆ ತಿರುಗಿ ಒಂದು ಪ್ರಶ್ನೆ. ಕೊನೆಗೆ ಬೇಡಿಕೆ ಮತ್ತು ಅಂಕಿತ. ಬೇಡಿಕೆಯಲ್ಲಿ "ಒಳ್ಳೆಯ ಬುದ್ಧಿ ಕೊಡು" ಅಂತ ಸುಲಭವಾಗಿ ಕೇಳಬೇಡಿ. ಸತ್ಯಕ್ಕ ಕೇಳಿದ್ದು ಶಿಕ್ಷೆ. ನಮ್ಮ ವಚನದಲ್ಲಿ ಅಕ್ಕ ಏನು ಕೇಳಬಹುದು? ಆಕೆ ದಿನಾ ಗುಡಿಗೆ ಬಂದು ಪತ್ರಿ ಏರಿಸುವವರು. ಹಾಗಾಗಿ "ನನ್ನ ಪತ್ರಿ ಬೇಡ ಅನ್ನು" ಅನ್ನುವುದೇ ಆಕೆಯ ಬಾಯಿಗೆ ದೊಡ್ಡ ಶಿಕ್ಷೆ.

ಮೂರನೆಯ ಕರಡು ಹೀಗೆ ಬಂತು:

> ಅಳತೆಗೆ ತಕ್ಕಂತೆ ಬಟ್ಟೆ ಕತ್ತರಿಸಿದೆ,
> ಉಳಿದ ತುಂಡು ಕೌದಿಗೆಂದು ಮಡಚಿಟ್ಟೆ.
> ಮೇಲಿನ ಹೊಲಿಗೆ ನೇರ ಹಾಕಿದೆ,
> ಒಳಗಿನ ಅಂಚು ಅರ್ಧ ನುಂಗಿದೆ.
> ತೊಟ್ಟವಳು ಹೊಗಳಿದಳು, ಓಣಿ ಹೊಗಳಿತು;
> ವರುಷ ಕಳೆದು ಬಿಚ್ಚಿದಾಗ ನಾನು ಬಯಲಾದೆ.
> ತುಂಡು ಬಟ್ಟೆಗೆ ಚಾಚಿದ ಕೈಯಿಂದ
> ನಿನಗೆ ಪತ್ರಿ ಹೇಗೆ ಏರಿಸಲಯ್ಯಾ?
> ಒಳಗಿನ ಹೊಲಿಗೆ ನೇರವಾಗುವ ತನಕ
> ನನ್ನ ಪತ್ರಿ ಒಲ್ಲೆನ್ನು, ಓಣಿಯ ಕಲ್ಮೇಶ್ವರಾ.

ಹತ್ತು ಸಾಲು. ಕೂಡಿ ಹೇಳುವ ವಚನಕ್ಕೆ ಇದಕ್ಕಿಂತ ಉದ್ದ ಬೇಡ. ಒಬ್ಬರು ಸಾಲು ಹೇಳಿ, ಉಳಿದವರು ತಿರುಗಿ ಹೇಳುವುದಾದರೆ ಪ್ರತಿ ಸಾಲು ಒಂದೇ ಉಸಿರಿನಲ್ಲಿ ಮುಗಿಯಬೇಕು. ಮೂರರಿಂದ ಐದು ಪದ ಸಾಕು. ಆರನೆಯ ಪದ ಬಂದರೆ ಹಿಂದೆ ಕೂತವರು ಮೊದಲನೆಯದನ್ನು ಮರೆತಿರುತ್ತಾರೆ.

ಅಂಕಿತ

ವಚನದ ಕೊನೆಗೆ ಬರುವ ದೇವರ ಹೆಸರೇ ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಮಡಿವಾಳ ಮಾಚಿದೇವರದು ಕಲಿದೇವರದೇವ, ನುಲಿಯ ಚಂದಯ್ಯನವರದು ಚಂದೇಶ್ವರಲಿಂಗ. ಅಂಬಿಗರ ಚೌಡಯ್ಯನವರು ಮಾತ್ರ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು. ಯಾರ ವಚನ ಅಂತ ಇಂದಿಗೂ ನಾವು ಗುರುತು ಹಿಡಿಯುವುದು ಇದರಿಂದಲೇ. ಹಾಗಾಗಿ ಶರಣರ ಅಂಕಿತವನ್ನು ನಮ್ಮ ವಚನಕ್ಕೆ ಹಾಕಲೇಬಾರದು. ನಾವು ಭಕ್ತಿಯಿಂದಲೇ ಹಾಕಿರುತ್ತೇವೆ. ಆದರೆ ಆ ಹಾಳೆ ಫೋನಿನಿಂದ ಫೋನಿಗೆ ಹೋಗುತ್ತದೆ. ಮುಂದಿನ ವರ್ಷ ಯಾರೋ ಅದನ್ನು ಬಸವಣ್ಣನವರ ವಚನ ಅಂತಲೇ ಓದುತ್ತಾರೆ.

ನಿಮ್ಮ ಊರಿನ ದೇವರ ಹೆಸರಿಗೆ ಜಾಗದ ಗುರುತು ಸೇರಿಸಿ ಹೊಸ ಅಂಕಿತ ಮಾಡಿಕೊಳ್ಳಿ. ನಮ್ಮದು "ಓಣಿಯ ಕಲ್ಮೇಶ್ವರಾ". ಇದು ನನ್ನೊಬ್ಬನದಲ್ಲ, ಪ್ರಾರ್ಥನೆಗೆ ಸೇರುವ ಎಲ್ಲರದು. ಯಾರು ಬರೆದರೂ ಇದನ್ನೇ ಹಾಕುತ್ತೇವೆ. ಇಡುವ ಮೊದಲು ಹಳೆಯ ವಚನಕಾರರು ಯಾರಾದರೂ ಅದನ್ನೇ ಬಳಸಿದ್ದಾರೆಯೇ ಅಂತ ನೋಡಿಕೊಳ್ಳಿ. ವಚನ ಸಂಚಯ ಅನ್ನುವ ಜಾಲತಾಣದಲ್ಲಿ ಪದ ಹಾಕಿ ಹುಡುಕಬಹುದು. ನಿಮ್ಮ ಕಾಯಕದ ಶರಣರು ಇದ್ದರೇ ಅನ್ನುವುದನ್ನೂ ಅಲ್ಲೇ ನೋಡಬಹುದು. ಸೂಜಿಕಾಯಕದ ರಾಮಿತಂದೆ ಅಂತ ಒಬ್ಬ ಶರಣರಿದ್ದರು ಅಂತ ನಾನು ಹೇಳಿದಾಗ ಅಕ್ಕನ ಮುಖ ನೋಡಬೇಕಿತ್ತು. "ನಮ್ಮವರೂ ಇದ್ರಾ?" ಅಂತ ಎರಡು ಸಲ ಕೇಳಿದರು.

ಭಾಷೆ: ಹಳೆಯದರ ವೇಷ ಬೇಡ

"ಹೊಲಿದಡೆ", "ಮಡಚಿದಡೆ", "ಎನ್ನ", "ಇಪ್ಪೆನಾಗಿ" ಅಂತ ಬರೆಯಬೇಕು ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಶರಣರು ತಮ್ಮ ಕಾಲದ ಜನ ಆಡುವ ಕನ್ನಡಕ್ಕೆ ಹತ್ತಿರವಾಗಿ ಬರೆದರು. ನಾವು ಅವರ ಕಾಲದ ರೂಪ ಹಾಕಿದರೆ ಅವರು ಮಾಡಿದ್ದಕ್ಕೆ ತಿರುಗುಮುರುಗು ಆಗುತ್ತದೆ. "ಮೆಷಿನ್" ಮತ್ತು "ಹೊಲಿದಡೆ" ಒಂದೇ ಸಾಲಿನಲ್ಲಿ ಬಂದರೆ ಕಿವಿಗೆ ಚುಚ್ಚುತ್ತದೆ. ನಾನು ಉಳಿಸಿಕೊಳ್ಳುವುದು "ಅಯ್ಯಾ" ಒಂದೇ. ಅದೂ ಇಡೀ ವಚನಕ್ಕೆ ಒಂದು ಸಲ, ದೇವರನ್ನು ನೇರವಾಗಿ ಕೇಳುವ ಸಾಲಿನಲ್ಲಿ.

ಆದರೆ ಹಳೆಯ ಪದಗಳ ಅರ್ಥ ಗೊತ್ತಿರಲೇಬೇಕು. ಮೂರನೆಯ ಕರಡನ್ನು ಭಜನೆಯ ಅಜ್ಜಾರಿಗೆ ತೋರಿಸಿದೆ. ಆರನೆಯ ಸಾಲಿಗೆ ಬೆರಳಿಟ್ಟು ನಿಂತರು. "ಬಯಲಾದೆ ಅಂದ್ರ ಏನಂತ ತಿಳಿದೀಯಪಾ?" ಕಳವು ಹೊರಗೆ ಬಿತ್ತು ಅಂತ ನಾನು ಬರೆದಿದ್ದೆ. ವಚನಗಳಲ್ಲಿ ಬಯಲಾಗುವುದು ಅಂದರೆ ಎಲ್ಲ ಕಳಚಿ ಶೂನ್ಯದಲ್ಲಿ ಬೆರೆಯುವುದು. ಶರಣರ ಕೊನೆಯ ನಿಲುವು ಅದು. ಬಟ್ಟೆ ಕದ್ದು ಸಿಕ್ಕಿಬಿದ್ದ ಕ್ಷಣಕ್ಕೆ ಆ ಪದ ಹಾಕಿದ್ದೆ! ಗೊತ್ತಿದ್ದವರು ಕೇಳಿದ್ದರೆ ಅಲ್ಲೇ ಅರ್ಥ ತಲೆಕೆಳಗಾಗುತ್ತಿತ್ತು. ಸಾಲು ಹೀಗೆ ಬದಲಾಯಿತು:

> ವರುಷ ಕಳೆದು ಬಿಚ್ಚಿದಾಗ ನನ್ನ ಕಳವು ಸಿಕ್ಕಿತು.

ಕಿವಿಗೆ ಮೊದಲಿನಷ್ಟು ಇಂಪಿಲ್ಲ, ಒಂದು ಪದ ಉದ್ದವೂ ಆಯಿತು. ಆದರೂ ಇದೇ ಸರಿ. "ಕಳವು" ಅನ್ನುವ ಪದ ಬಾಯಿಂದ ಬರಲೇಬೇಕಿತ್ತು. "ಬಯಲಾದೆ" ಅದನ್ನು ಮುಚ್ಚಿಟ್ಟಿತ್ತು. ನಿಮ್ಮ ಕರಡಿನಲ್ಲಿ ಬಯಲು, ಕೂಡಲ, ಐಕ್ಯ, ಪ್ರಸಾದ, ಜಂಗಮ, ಅರಿವು ಇಂಥ ಪದ ಬಂದರೆ ಹೀಗೆ ಒಬ್ಬ ಬಲ್ಲವರಿಗೆ ತೋರಿಸಿ. ಈ ಪದಗಳಿಗೆ ವಚನದಲ್ಲಿ ಬೇರೆಯೇ ತೂಕ ಇದೆ.

ಬಾಯಿಗೆ ತರುವುದು

ಪ್ರಾರ್ಥನೆಗೆ ನಾಲ್ಕು ದಿನ ಮೊದಲು ಐದಾರು ಜನ ಕೂತು ಹೇಳಿ ನೋಡಿ. ಕಾಗದದ ಮೇಲೆ ಕಾಣದ ತೊಂದರೆ ಬಾಯಿಗೆ ಬಂದಾಗ ಕಾಣುತ್ತದೆ. ಎಲ್ಲಿ ಜನ ತಡವರಿಸುತ್ತಾರೋ ಆ ಸಾಲಿಗೆ ಗೆರೆ ಎಳೆಯಿರಿ. ತಡವರಿಸಿದವರನ್ನು ತಿದ್ದಬೇಡಿ, ಸಾಲನ್ನು ತಿದ್ದಿ.

ಹಾಡಬೇಕೋ, ಹೇಳಬೇಕೋ ಅನ್ನುವ ಮಾತು ಪ್ರತಿ ಸಲ ಬರುತ್ತದೆ. ನಮ್ಮ ಧಾರವಾಡದ ಕಡೆ ವಚನ ಅಂದರೆ ಹಿಂದೂಸ್ತಾನಿ ರಾಗದಲ್ಲಿ ಹಾಡುವುದೇ ರೂಢಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅಂಥವರನ್ನು ಕೇಳಿದ ಕಿವಿ ನಮ್ಮದು. ಆದರೆ ಹೊಸ ವಚನವನ್ನು ಮೊದಲ ಸಲ ಹಾಡಿಸಬೇಡಿ ಅಂತ ನಾನು ಹೇಳುತ್ತೇನೆ. ಆಲಾಪದಲ್ಲಿ ಪದ ಎಳೆದಾಗ ಗೊತ್ತಿಲ್ಲದ ಸಾಲಿನ ಅರ್ಥ ಕೈತಪ್ಪಿ ಹೋಗುತ್ತದೆ. ಹಾರ್ಮೋನಿಯಂ ಮೇಲೆ ಶ್ರುತಿ ಒಂದೇ ಹಿಡಿದು, ಮಾತಿನಂತೆ ಹೇಳಿ. ಜನರ ಬಾಯಿಗೆ ಬಂದ ಮೇಲೆ, ಮುಂದಿನ ಶ್ರಾವಣಕ್ಕೆ ಬೇಕಾದರೆ ರಾಗ ಹಾಕಿ.

ಮೊದಲು ಹಳೆಯ ವಚನ, ಆಮೇಲೆ ಹೊಸದು. ನಾವು ಸತ್ಯಕ್ಕನದನ್ನು ಮೊದಲು ಹೇಳಿದೆವು. ಹೇಳುವ ಮುಂಚೆ ಒಂದು ಮಾತು ತಿಳಿಸಬೇಕಾಯಿತು. ಆ ವಚನದ "ಬಟ್ಟೆ" ದಾರಿ, ಈ ವಚನದ "ಬಟ್ಟೆ" ಉಡುವ ಬಟ್ಟೆ ಅಂತ. ತಿಳಿಸದಿದ್ದರೆ ಎರಡೂ ಒಂದರೊಳಗೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಹಾಳೆ ಕೊಡುವುದಿದ್ದರೆ ಅಕ್ಷರ ದೊಡ್ಡದಿರಲಿ, ಕಟ್ಟೆಯ ಮೇಲೆ ಬೆಳಕು ಕಡಿಮೆ. ಮೇಲೆ "ಹೊಸ ವಚನ" ಅಂತ ಬರೆದು ಇಸವಿ ಹಾಕಿ.

ಯಾರು ಮುಂದೆ ನಿಂತು ಹೇಳುತ್ತಾರೆ ಅನ್ನುವುದನ್ನು ಕೊನೆಯ ಗಳಿಗೆಗೆ ಬಿಡಬೇಡಿ. ವಚನದೊಳಗಿನ "ನಾನು" ಹೇಳುವವರ ಮೈಮೇಲೆ ಬರುತ್ತದೆ. ಕಾಯಕದವರಿಗೆ ಸ್ವಲ್ಪ ಅಳುಕಿದ್ದರೂ ಬೇರೆ ಕಾಯಕದವರಿಂದ ಹೇಳಿಸಿ. ಬಡಿಗರು ಹೊಲಿಗೆಯ ವಚನ ಹೇಳಿದರೆ ಯಾರೂ ಬೆರಳು ತೋರಿಸುವುದಿಲ್ಲ. ಹಾಲಿನವರ ವಿಷಯದಲ್ಲಿ ನಾನು ಮಾಡಬೇಕಿದ್ದದ್ದು ಇದನ್ನೇ.

ಅಕ್ಕ ಮಾತ್ರ ತಾವೇ ನಿಂತರು. "ಉಳಿದ ತುಂಡು ಕೌದಿಗೆಂದು ಮಡಚಿಟ್ಟೆ" ಅಂತ ಅವರು ಹೇಳಿದಾಗ ಒಂದು ಕ್ಷಣ ಯಾರೂ ತಿರುಗಿ ಹೇಳಲಿಲ್ಲ. ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಕಿರಾಣಿ ಅಂಗಡಿಯವರು ಹೇಳಿದರು. ಅವರ ಹಿಂದೆ ಎಲ್ಲರೂ ಹೇಳಿದರು. ಅರವತ್ತು ಜನ ಕೂಡಿ "ಮಡಚಿಟ್ಟೆ" ಅಂದಾಗ ಅದು ಅಕ್ಕನೊಬ್ಬರದಾಗಿ ಉಳಿಯಲಿಲ್ಲ.

ಹೇಳಿದ ಮೇಲೆ ಮತ್ತೆ ತಿದ್ದಿ

ಪ್ರಸಾದದ ಹೊತ್ತಿಗೆ ಜನರ ಮಾತಿಗೆ ಕಿವಿ ಕೊಡಿ. ಚೆನ್ನಾಗಿತ್ತು ಅನ್ನುವುದು ಲೆಕ್ಕಕ್ಕಿಲ್ಲ. ಏನು ತಿಳಿದುಕೊಂಡರು ಅನ್ನುವುದು ಮುಖ್ಯ. ನಮ್ಮ ನಾಲ್ಕನೆಯ ಸಾಲು ಅಲ್ಲಿ ಸಿಕ್ಕಿಬಿತ್ತು. "ಒಳಗಿನ ಅಂಚು ಅರ್ಧ ನುಂಗಿದೆ" ಅಂದರೆ ಸೀರೆಯ ಅಂಚು ಕತ್ತರಿಸಿದಳು ಅಂತ ಬಹಳ ಗಂಡಸರು ತಿಳಿದಿದ್ದರು. ನಮ್ಮ ಕಡೆ ಅಂಚು ಅಂದರೆ ಮೊದಲು ಕಣ್ಮುಂದೆ ಬರುವುದು ಸೀರೆಯದೇ.

ಅಕ್ಕ ಆಡುವ ಪದ ಮಾರ್ಜಿನ್. ಅದನ್ನೇ ಹಾಕೋಣ ಅಂದುಕೊಂಡೆ. ಆಮೇಲೆ ಬಿಟ್ಟೆ, ಇಂಗ್ಲಿಷ್ ಪದ ಅನ್ನುವ ಕಾರಣಕ್ಕಲ್ಲ. ಮೆಷಿನ್ ಆಗಿದ್ದರೆ ಕಣ್ಣುಮುಚ್ಚಿ ಹಾಕುತ್ತಿದ್ದೆ, ಅದು ಎಲ್ಲರ ಮನೆಯ ಮಾತು. ಮಾರ್ಜಿನ್ ಅಂದರೆ ಮಕ್ಕಳಿಗೆ ನೋಟ್‌ಬುಕ್ಕಿನ ಗೆರೆ, ಅಂಗಡಿಯವರಿಗೆ ಲಾಭ. ಮೂರು ಗುಂಪು ಮೂರು ಅರ್ಥ ಮಾಡಿಕೊಳ್ಳುತ್ತವೆ. ಅಕ್ಕನನ್ನೇ ಕೇಳಿದೆ, ಹೊಲಿಗೆ ಬಾರದವರಿಗೆ ಹೇಗೆ ಹೇಳ್ತೀರಿ ಅಂತ. "ಒಳಗ ಬಿಡೋ ಬಟ್ಟಿ ಅಂತೀನಿ, ಮತ್ತೇನ್ ಅನ್ನೂದು?" ಅಂದರು. ಉತ್ತರ ಅವರ ಬಾಯಲ್ಲೇ ಇತ್ತು. ಮುಂದಿನ ಸೋಮವಾರ ಹಾಳೆಯಲ್ಲಿ ಆ ಸಾಲನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಬರೆದು ಕೊಟ್ಟೆವು. ಈ ಸಲ ಹಿಂದಿನ ಸಾಲಿನವರೂ ತಡವರಿಸದೆ ಹೇಳಿದರು:

> ಮೇಲಿನ ಹೊಲಿಗೆ ನೇರ ಹಾಕಿದೆ,
> ಒಳಗೆ ಬಿಡುವ ಬಟ್ಟೆ ಅರ್ಧ ನುಂಗಿದೆ.